ಮಣ್ಣುಂಡೆ ಮತ್ತು ಸ್ಟ್ರಾಗಳ ಆವರ್ತ ಕೋಷ್ಟಕ: ಮೂರನೇ ಸಾಲು ಎದ್ದು ನಿಂತಿತು

ಮೊದಲ ವಾರ

ಅಕ್ಕನ ಮಗಳು ಈ ವರ್ಷ ಮೊದಲ ಪಿಯುಸಿ. ಹೋದ ತಿಂಗಳು ಮನೆಗೆ ಬಂದಾಗ ಅವಳು ಕೇಳಿದ ಪ್ರಶ್ನೆಯಿಂದ ಈ ಕೆಲಸ ಶುರುವಾಯಿತು: "ಮಾವ, ಎಡದಿಂದ ಬಲಕ್ಕೆ ಹೋದ ಹಾಗೆ ಎಲೆಕ್ಟ್ರಾನ್ ಜಾಸ್ತಿ ಆಗ್ತಾ ಹೋಗುತ್ತಲ್ಲ, ಪರಮಾಣು ದಪ್ಪ ಆಗ್ಬೇಕು ತಾನೆ? ಸಣ್ಣ ಯಾಕಾಗುತ್ತೆ?"

ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸೋಣ ಅನ್ನಿಸಿತು. ಥರ್ಮಾಕೋಲ್ ಹಲಗೆಯ ಮೇಲೆ ಮೂರನೇ ಸಾಲನ್ನು, ಅಂದರೆ ಸೋಡಿಯಂನಿಂದ ಆರ್ಗಾನ್‌ವರೆಗಿನ ಎಂಟು ಧಾತುಗಳನ್ನು ಕಟ್ಟುತ್ತಿದ್ದೇನೆ. ಗಾತ್ರಕ್ಕೆ ಜೇಡಿಮಣ್ಣಿನ ಉಂಡೆ, ಅಯಾನೀಕರಣ ಶಕ್ತಿಗೆ ನೆಟ್ಟಗೆ ಚುಚ್ಚಿದ ಸ್ಟ್ರಾ. ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದ ಶಕ್ತಿಯೇ ಅಯಾನೀಕರಣ ಶಕ್ತಿ. ಸ್ಟ್ರಾ ಎತ್ತರವಿದ್ದಷ್ಟೂ ಎಲೆಕ್ಟ್ರಾನ್ ಬಿಗಿಯಾಗಿ ಸಿಕ್ಕಿಕೊಂಡಿದೆ ಎಂದರ್ಥ.

ಅಳತೆ ಹೀಗೆ ಇಟ್ಟುಕೊಂಡೆ: 100 ಪಿಕೋಮೀಟರ್ ತ್ರಿಜ್ಯಕ್ಕೆ 3 ಸೆಂ.ಮೀ. ವ್ಯಾಸದ ಉಂಡೆ, ಮೋಲ್‌ಗೆ 100 ಕಿಲೋಜೂಲ್ ಶಕ್ತಿಗೆ 1 ಸೆಂ.ಮೀ. ಸ್ಟ್ರಾ. ಸೋಡಿಯಂನ ತ್ರಿಜ್ಯ 166 ಪಿಕೋಮೀಟರ್, ಉಂಡೆ ಸುಮಾರು 5 ಸೆಂ.ಮೀ. ಕ್ಲೋರಿನ್ 102, ಉಂಡೆ 3 ಸೆಂ.ಮೀ.ಗೆ ಸ್ವಲ್ಪ ಹೆಚ್ಚು. ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡರೆ ನಿಂಬೆಹಣ್ಣಿನ ಪಕ್ಕ ಅಡಿಕೆ ಇಟ್ಟ ಹಾಗಿದೆ. ಆರು ಎಲೆಕ್ಟ್ರಾನ್ ಹೆಚ್ಚಿರುವುದು ಆ ಅಡಿಕೆಯಲ್ಲಿ!

ಎರಡನೇ ವಾರ

ಉಂಡೆಗಳು ಒಣಗಿದವು. ಸಾಲಾಗಿ ಜೋಡಿಸಿ ನೋಡಿದರೆ ಎಡದಿಂದ ಬಲಕ್ಕೆ ಚೆನ್ನಾಗಿ ಇಳಿಯುತ್ತಾ ಬಂದು, ಕೊನೆಯ ಆರ್ಗಾನ್ ಮಾತ್ರ ಧುತ್ತೆಂದು ಐದೂವರೆ ಸೆಂ.ಮೀ. ದಾಟಿ ಸೋಡಿಯಂಗಿಂತ ದೊಡ್ಡದಾಗಿ ಕೂತಿತ್ತು. ಲೆಕ್ಕ ಎರಡು ಸಲ ಮಾಡಿದೆ, ತಪ್ಪಿರಲಿಲ್ಲ. ತಪ್ಪು ನಾನು ಎತ್ತಿಕೊಂಡ ಸಂಖ್ಯೆಯಲ್ಲಿತ್ತು.

ಉಳಿದ ಏಳಕ್ಕೂ ನಾನು ಬಳಸಿದ್ದು ಕೋವೇಲೆಂಟ್ ತ್ರಿಜ್ಯ, ಅಂದರೆ ಬಂಧದಲ್ಲಿರುವ ಪರಮಾಣುಗಳ ನಡುವಿನ ದೂರದಿಂದ ತೆಗೆದದ್ದು. ಆರ್ಗಾನ್‌ಗೆ ಮಾತ್ರ ವ್ಯಾನ್ ಡರ್ ವಾಲ್ಸ್ ತ್ರಿಜ್ಯವಾದ 188 ಬಂದುಬಿಟ್ಟಿತ್ತು. ಅದು ಬಂಧವಿಲ್ಲದೆ ಸುಮ್ಮನೆ ಒತ್ತಟ್ಟಿಗೆ ನಿಂತ ಪರಮಾಣುಗಳ ಅಳತೆ, ಯಾವಾಗಲೂ ದೊಡ್ಡದು. ಕ್ಲೋರಿನ್‌ಗೂ ಅದೇ ಅಳತೆ ಹಿಡಿದರೆ 102 ಹೋಗಿ 175 ಆಗುತ್ತದೆ. ಪರಮಾಣುವಿಗೆ ಗೋಲಿಯ ಹಾಗೆ ಗಟ್ಟಿ ಅಂಚಿಲ್ಲ, ಆದ್ದರಿಂದ ಗಾತ್ರ ಎಂದರೆ ಯಾವ ಅಳತೆ ಎಂದು ಮೊದಲೇ ಹೇಳಿಬಿಡಬೇಕು. ಎರಡು ಅಳತೆಗಳನ್ನು ಒಂದೇ ಸಾಲಿನಲ್ಲಿ ಬೆರೆಸಬಾರದು. ಆರ್ಗಾನ್ ಬಂಧಕ್ಕೇ ಒಗ್ಗದ ಧಾತುವಾದ್ದರಿಂದ ಅದರ ಉಂಡೆ ತೆಗೆದು ಜಾಗ ಖಾಲಿ ಬಿಟ್ಟಿದ್ದೇನೆ. ಅದೇ ಪ್ರಾಮಾಣಿಕ ಅನ್ನಿಸಿತು.

ಮೂರನೇ ವಾರ

ಈಗ ಅವಳ ಪ್ರಶ್ನೆಗೆ ಉತ್ತರ. ಸೋಡಿಯಂನ ಬೀಜಕೇಂದ್ರದಲ್ಲಿ 11 ಪ್ರೋಟಾನ್‌ಗಳಿವೆ. ಹೊರಕವಚದ ಒಂಟಿ ಎಲೆಕ್ಟ್ರಾನ್‌ಗೆ ಆ ಹನ್ನೊಂದರ ಸೆಳೆತವೂ ಪೂರ್ತಿ ತಲುಪುವುದಿಲ್ಲ, ಒಳಗಿನ ಹತ್ತು ಎಲೆಕ್ಟ್ರಾನ್‌ಗಳು ನಡುವೆ ಪರದೆಯ ಹಾಗೆ ನಿಂತಿವೆ. ಪರದೆ ಎಷ್ಟು ತಡೆಯುತ್ತದೆ ಎಂದು ಅಂದಾಜು ಮಾಡಲು ಜಾನ್ ಸ್ಲೇಟರ್ 1930ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ತೀರಾ ಒಳಗಿನ ಎರಡು ಎಲೆಕ್ಟ್ರಾನ್ ತಲಾ 1, ಎರಡನೇ ಕವಚದ ಎಂಟು ತಲಾ 0.85, ಒಟ್ಟು 8.8 ತಡೆಯುತ್ತವೆ. ಹನ್ನೊಂದರಲ್ಲಿ ಇದನ್ನು ಕಳೆದರೆ ಹೊರಗಿನದಕ್ಕೆ ಸಿಗುವ ಸೆಳೆತ 2.2 ಮಾತ್ರ.

ಮೆಗ್ನೀಸಿಯಂಗೆ ಬನ್ನಿ. ಒಂದು ಪ್ರೋಟಾನ್ ಹೆಚ್ಚಿತು, ಒಂದು ಎಲೆಕ್ಟ್ರಾನೂ ಹೆಚ್ಚಿತು. ಆದರೆ ಹೊಸ ಎಲೆಕ್ಟ್ರಾನ್ ಕೂತದ್ದು ಅದೇ ಮೂರನೇ ಕವಚದಲ್ಲಿ, ಪಕ್ಕದಲ್ಲಿ. ಪಕ್ಕದಲ್ಲಿ ಕೂತವನು ಎದುರಿನ ದೀಪವನ್ನು ಅಷ್ಟಾಗಿ ಮರೆಮಾಡಲಾರ. ಅದು ತಡೆಯುವುದು 0.35 ಅಷ್ಟೇ. ಪ್ರತಿ ಹೆಜ್ಜೆಗೂ 0.65 ಉಳಿತಾಯ. ಹೀಗೆ ಮೆಗ್ನೀಸಿಯಂಗೆ 2.85, ಕ್ಲೋರಿನ್‌ಗೆ ಬರುವಷ್ಟರಲ್ಲಿ 6.1. ಸೆಳೆತ ಸುಮಾರು ಮೂರು ಪಟ್ಟಾಗಿರುವಾಗ ಇಡೀ ಕವಚ ಒಳಕ್ಕೆ ಜಗ್ಗದೆ ಇನ್ನೇನು ಮಾಡೀತು?

ಸೋಡಿಯಂ ಕೆಳಗೆ ಪೊಟ್ಯಾಸಿಯಂ ಉಂಡೆಯನ್ನೂ ಇಟ್ಟೆ: 203 ಪಿಕೋಮೀಟರ್, 6 ಸೆಂ.ಮೀ. ಉಂಡೆ. ಅದಕ್ಕೂ ಲೆಕ್ಕ ಹಾಕಿದರೆ ಬರುವುದು ಅದೇ 2.2! ಸೆಳೆತ ಒಂದೇ, ಆದರೆ ಎಲೆಕ್ಟ್ರಾನ್ ಇರುವುದು ನಾಲ್ಕನೇ ಕವಚದಲ್ಲಿ, ಇನ್ನೂ ದೂರ. ಹಾಗಾಗಿ ಉಂಡೆ ದೊಡ್ಡದು, ಸ್ಟ್ರಾ ಗಿಡ್ಡ: ಸೋಡಿಯಂನದು 5 ಸೆಂ.ಮೀ. ಇದ್ದರೆ ಇದರದು 4.2.

ನಾಲ್ಕನೇ ವಾರ

ಸ್ಟ್ರಾಗಳನ್ನು ಬ್ಲೇಡಿನಿಂದ ಕತ್ತರಿಸಿ ಚುಚ್ಚಿದೆ. ಸೋಡಿಯಂ 5, ಮೆಗ್ನೀಸಿಯಂ 7.4, ಅಲ್ಯೂಮಿನಿಯಂ 5.8, ಸಿಲಿಕಾನ್ 7.9, ರಂಜಕ 10.1, ಗಂಧಕ 10, ಕ್ಲೋರಿನ್ 12.5, ಆರ್ಗಾನ್ 15.2. ಒಟ್ಟಾರೆ ಏರುತ್ತದೆ, ಆದರೆ ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕುಸಿಯುತ್ತದೆ. ಸ್ಲೇಟರ್ ಲೆಕ್ಕ ಇಲ್ಲಿ ಕೈಕೊಡುತ್ತದೆ, ಅದರ ಪ್ರಕಾರ ಸೆಳೆತ 2.85ರಿಂದ 3.5ಕ್ಕೆ ಏರಬೇಕು. ಅದು ಮೂರನೇ ಕವಚದಲ್ಲೇ ಇರುವ 3s ಮತ್ತು 3p ಎಂಬ ಎರಡು ಬಗೆಯ ಎಲೆಕ್ಟ್ರಾನ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ನಿಜಕ್ಕೂ ಅವು ಬೇರೆ ಬೇರೆ. 3s ಎಲೆಕ್ಟ್ರಾನ್ ಬೀಜಕೇಂದ್ರದ ಹತ್ತಿರದವರೆಗೂ ಹೆಚ್ಚು ನುಸುಳುತ್ತದೆ, 3p ಅಷ್ಟು ನುಸುಳದು. ಅಲ್ಯೂಮಿನಿಯಂ ಕಳೆದುಕೊಳ್ಳುವುದು ಆ ಮೊದಲ 3p ಎಲೆಕ್ಟ್ರಾನನ್ನು.

ರಂಜಕ ಮತ್ತು ಗಂಧಕ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದವು. ನಿಜವಾದ ಅಂಕಿಗಳು 1012 ಮತ್ತು 1000. ಸ್ಟ್ರಾದಲ್ಲಿ ವ್ಯತ್ಯಾಸ 1 ಮಿ.ಮೀ., ಬ್ಲೇಡ್ ಸ್ವಲ್ಪ ಓರೆಯಾದರೂ ಮಾಯ. ಇಷ್ಟು ಸಣ್ಣ ಇಳಿತಕ್ಕೆ ಯಾಕಿಷ್ಟು ಮಾತು ಎಂದು ಯಾರಿಗಾದರೂ ಅನ್ನಿಸೀತು. ಆಗ ಒಂದು ದಾರ ತಂದೆ. ಅಲ್ಯೂಮಿನಿಯಂ, ಸಿಲಿಕಾನ್, ರಂಜಕ ಮೂರರ ತುದಿಗೂ ತಾಗಿಸಿ ಬಲಕ್ಕೆ ಹಾಗೇ ಎಳೆದೆ. ಗಂಧಕದ ಜಾಗದಲ್ಲಿ ದಾರ ಹಾದುಹೋದದ್ದು ಸುಮಾರು ಹನ್ನೆರಡೂವರೆ ಸೆಂ.ಮೀ. ಎತ್ತರದಲ್ಲಿ. ಗಂಧಕದ ಸ್ಟ್ರಾ ಇರುವುದು ಅದಕ್ಕಿಂತ ಎರಡೂವರೆ ಸೆಂ.ಮೀ. ಕೆಳಗೆ! ಇನ್ನೊಂದು ದಾರವನ್ನು ಗಂಧಕ, ಕ್ಲೋರಿನ್, ಆರ್ಗಾನ್ ಮೇಲೆ ಎಳೆದರೆ ಅದು ಮೊದಲನೆಯದಕ್ಕೆ ಹೆಚ್ಚುಕಡಿಮೆ ಸಮಾನಾಂತರ. ಅಂದರೆ ಏರಿಕೆ ನಿಂತಿಲ್ಲ, ಇಡೀ ಮೆಟ್ಟಿಲಸಾಲೇ ಒಂದು ಹಂತ ಕೆಳಗೆ ಜಾರಿದೆ. ರಂಜಕದ ಮೂರು 3p ಎಲೆಕ್ಟ್ರಾನ್‌ಗಳಿಗೆ ಮೂರು ಆರ್ಬಿಟಲ್, ಒಂದೊಂದಕ್ಕೆ ಒಂದೊಂದು ಕೋಣೆ. ಗಂಧಕದ ನಾಲ್ಕನೆಯದು ಯಾರದೋ ಕೋಣೆಯಲ್ಲಿ ಜೊತೆಯಾಗಲೇಬೇಕು, ಇಬ್ಬರೂ ಒಬ್ಬರನ್ನೊಬ್ಬರು ದೂಡುತ್ತಾರೆ, ಕೀಳುವುದು ಸುಲಭವಾಗುತ್ತದೆ.

ಮೇಲಿನ ಸಾಲಿನ ಸಾರಜನಕ ಮತ್ತು ಆಮ್ಲಜನಕದಲ್ಲಿ ಇದೇ ಇಳಿತ 14ರಿಂದ 13.1ಕ್ಕೆ, ದಾರವಿಲ್ಲದೆಯೂ ಕಾಣುತ್ತದೆ. ಆ ಎರಡು ಸ್ಟ್ರಾಗಳನ್ನೂ ಹಿಂದೆ ನೆಟ್ಟಿದ್ದೇನೆ.

ಈ ಭಾನುವಾರ

ಅವಳು ಬಂದಿದ್ದಳು. ದಾರ ನೋಡಿದ ಮೇಲೆ ಸೋಡಿಯಂ ಸ್ಟ್ರಾ ಮುಟ್ಟಿ, "ಒಂದು ಎಲೆಕ್ಟ್ರಾನ್ ಕಿತ್ತಾಯ್ತು, ಎರಡನೇದು ಕೀಳೋಕೆ ಎಷ್ಟು ಬೇಕು ಮಾವ?" ಅಂದಳು. ಅಂಕಿ 4562. ಉಳಿದ ಎಲೆಕ್ಟ್ರಾನ್‌ಗಳು ಈಗ ಎರಡನೇ ಕವಚದಲ್ಲಿವೆ, ಬೀಜಕೇಂದ್ರಕ್ಕೆ ಹತ್ತಿರ, ಸ್ಲೇಟರ್ ಲೆಕ್ಕದಲ್ಲಿ ಸೆಳೆತ 2.2ರ ಬದಲು 6.85. ಮೂರು ಸ್ಟ್ರಾಗಳನ್ನು ಒಂದರೊಳಗೊಂದು ತೂರಿಸಿ 45.6 ಸೆಂ.ಮೀ. ಮಾಡಿ, 5 ಸೆಂ.ಮೀ. ಸ್ಟ್ರಾದ ಪಕ್ಕದಲ್ಲೇ ಅವಳೇ ಚುಚ್ಚಿದಳು. ಥರ್ಮಾಕೋಲ್ ತಡೆಯದೆ ವಾಲುತ್ತಿದೆ, ಕೆಳಗೆ ಮರದ ಹಲಗೆ ಹಾಕಬೇಕು.