ಮನ್ಯಾಗ ಕೇಳಿ ಹೇಳ್ತೀನ್ರಿ

ಈ ವಾರ ಪೂರ್ತಿ ನನ್ನ ತಲೆಯಲ್ಲಿ ಇದೊಂದೇ ಮಾತು. ಹೇಳಿದವನು ಮೂವತ್ತರ ಹೊಸ್ತಿಲಲ್ಲಿರುವ, ಕೈತುಂಬ ಸಂಬಳ ತರುವ ಗಂಡು. ಕೇಳಿದವಳು ನನ್ನ ಅಕ್ಕನ ಮಗಳು. ಇಬ್ಬರೂ ಒಂದೇ ಆಫೀಸು. ಗೋಳಗುಮ್ಮಟದ ಮುಂದಿನ ಹುಲ್ಲಿನ ಮೇಲೆ ಕೂತು ಇವಳು ನೇರವಾಗಿ ಕೇಳಿದ್ದಾಳೆ: "ನನಗ ನೀವು ಮನಸಿಗೆ ಬಂದೀರಿ. ನಿಮ್ಮ ವಿಚಾರ ಏನೈತಿ?"

ಅವನು ಮೊದಲು ಚಪ್ಪಲಿ ನೋಡಿಕೊಂಡನಂತೆ. ಆಮೇಲೆ ಮೊಬೈಲು. ಆಮೇಲೆ ತಲೆ ಎತ್ತಿ ಗುಮ್ಮಟವನ್ನೇ ನೋಡುತ್ತಾ, "ಮನ್ಯಾಗ ಕೇಳಿ ಹೇಳ್ತೀನ್ರಿ."

"ಮೌಶಿ, ಅದು ನಾ ಹೇಳೋ ಮಾತಲ್ಲೇನು?" ಅಂತ ರಾತ್ರಿ ಫೋನಿನಲ್ಲಿ ಕೇಳಿದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆ ಭಾಗವನ್ನು ಮತ್ತೆ ಮತ್ತೆ ಹೇಳಿಸಿಕೊಂಡೆ. ಕಿವಿ ಕೆಂಪಗಾಗಿತ್ತಂತೆ. ಬೇಡ ಅನ್ನಲಿಲ್ಲ. ಹುಡುಗ ಒಳ್ಳೆಯವನೇ, ಸ್ವಲ್ಪ ಪುಕ್ಕಲ. ತಿಂಗಳುಗಟ್ಟಲೆ ಇವಳ ಡಬ್ಬಿಯ ಶೇಂಗಾ ಹಿಂಡಿ ಖಾಲಿ ಮಾಡಿದವನಿಗೆ ವಿಷಯ ಗೊತ್ತಿರಲಿಲ್ಲ ಅಂದರೆ ನಾನಂತೂ ನಂಬಲ್ಲ.

ನಗು ಮುಗಿದದ್ದು ಅಕ್ಕನಿಗೆ ಗೊತ್ತಾದಾಗ. "ಹೆಣ್ಮಗಳು ತಾನಾಗೇ ಬಾಯಿಬಿಟ್ಟು ಕೇಳಿದ್ರ ಬೆಲಿ ಉಳೀತೈತೇನು?" ಅಂತ ಕೂಗಾಡಿದಳು.

ಇದೇ ಅಕ್ಕ ಒಂದು ವರ್ಷದಿಂದ ಮಗಳ ಬಯೋಡಾಟಾ ಹಂಚುತ್ತಿದ್ದಾಳೆ. ಇಂಡಿಯಿಂದ ಜಮಖಂಡಿವರೆಗೆ, ಮುಖವನ್ನೇ ನೋಡದ ಮಂದಿಗೆ, ಸ್ಟುಡಿಯೋದಲ್ಲಿ ನೀಲಿ ಸೀರೆ ಉಡಿಸಿ ತೆಗೆಸಿದ ಫೋಟೋ ಜೊತೆಗೆ. ಕೆಳಗೆ "ಒಂದ್ಸಲ ನೋಡ್ರಿ" ಅಂತ ಕೈಮುಗಿದ ಚಿತ್ರ. ಅದು ಮೊದಲು ಕೇಳಿದ್ದಲ್ವಾ? ನಮ್ಮಲ್ಲಿ ಹೆಣ್ಣಿನ ಕಡೆಯವರು ಮೊದಲು ಕೇಳಬಹುದು, ನೂರು ಮನೆಗೆ ಕೇಳಬಹುದು. ಹೆಣ್ಣು ಮಾತ್ರ ಒಬ್ಬನನ್ನೂ ಕೇಳುವ ಹಾಗಿಲ್ಲ. ನಾಚಿಕೆ ಕೇಳುವುದರಲ್ಲಿಲ್ಲ, ಯಾರ ಬಾಯಿಂದ ಬಂತು ಅನ್ನುವುದರಲ್ಲಿದೆ.

ಆದರೂ ಅಕ್ಕನ ಭಯ ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದಲ್ಲಿ ಫಿಂಕೆಲ್, ಈಸ್ಟ್‌ವಿಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೆನಪಾಯಿತು. ಸ್ಪೀಡ್ ಡೇಟಿಂಗ್‌ನಲ್ಲಿ ನಾಲ್ಕು ನಿಮಿಷ ಒಬ್ಬರ ಜೊತೆ ಮಾತು, ಆಮೇಲೆ ಮುಂದಿನವರು. ಸಾಮಾನ್ಯವಾಗಿ ಹೆಣ್ಣುಮಕ್ಕಳು ಕೂತಿರುತ್ತಾರೆ, ಗಂಡಸರು ಎದ್ದೆದ್ದು ಮುಂದಿನ ಕುರ್ಚಿಗೆ ಹೋಗುತ್ತಾರೆ. ಹಾಗೆ ನಡೆಸಿದಾಗ ಗಂಡಸರು ಜಾಸ್ತಿ ಜನಕ್ಕೆ ಹ್ಞೂಂ ಅಂದರು, ಹೆಂಗಸರು ಆರಿಸಿ ಆರಿಸಿ ಹ್ಞೂಂ ಅಂದರು. ಇನ್ನು ಕೆಲವು ಕೂಟಗಳಲ್ಲಿ ಅದನ್ನೇ ತಿರುಗಿಸಿದರು: ಗಂಡಸರು ಕೂತರು, ಹೆಂಗಸರು ಎದ್ದು ಹೋದರು. ಆಗ ಆ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ 'ಹೆಣ್ಣು ಹುಟ್ಟಾ ಬಿಗುಮಾನಿ' ಅಂತ ನಾವು ಅಂದುಕೊಂಡಿದ್ದರಲ್ಲಿ ಒಂದಿಷ್ಟು ಪಾಲು ಬರೀ ಕುರ್ಚಿಯದು. ಎದ್ದು ಹೋದವರಿಗೆ ಎದುರಿನವರು ಸ್ವಲ್ಪ ಜಾಸ್ತಿಯೇ ಚಂದ ಕಾಣುತ್ತಾರೆ, ಕೂತವರಿಗೆ ಅಷ್ಟು ಕಾಣುವುದಿಲ್ಲ. ಅಕ್ಕ ಹೆದರಿದ್ದೂ ಇದಕ್ಕೇ.

ಅದು ಕಾಲೇಜು ಹುಡುಗ ಹುಡುಗಿಯರ ನಾಲ್ಕು ನಿಮಿಷದ ಮಾತು, ಅಪ್ಪ ಅವ್ವ ಸೋದರಮಾವ ಯಾರೂ ಪಕ್ಕದಲ್ಲಿರಲಿಲ್ಲ. ನಮ್ಮ ಕನ್ಯಾ ನೋಡುವ ಶಾಸ್ತ್ರಕ್ಕೆ ಇದನ್ನು ಹಚ್ಚಿ ನೋಡಿದರೆ ಉಲ್ಟಾ ಆಗುತ್ತದೆ. ಇಲ್ಲಿ ಎದ್ದು ಬರುವವರು ಗಂಡಿನ ಕಡೆಯವರು, ಬಿಗುಮಾನವೂ ಅವರದೇ. ಉಪ್ಪಿಟ್ಟು ತಿಂದು, ಅಡಗಿ ಬರ್ತೈತೇನವ್ವಾ ಅಂತ ಕೇಳಿ, "ಊರಿಗೆ ಹೋಗಿ ತಿಳಸ್ತೀವಿ" ಅಂತ ಎದ್ದು ಹೋಗುತ್ತಾರೆ. ಯಾಕೆ ಅಂದರೆ ಅವರು ಕೇಳಲು ಬಂದಿರುವುದಿಲ್ಲ, ಕರೆಸಿಕೊಂಡು ಬಂದಿರುತ್ತಾರೆ. ಒಕ್ಕಲುತನದ ಮನೆಯ ಗಂಡುಗಳಿಗೆ ಮಾತ್ರ ಈಗೀಗ ಆ ಠೀವಿ ಇಲ್ಲ. ಕನ್ಯಾ ಸಿಗದೆ ಊರೂರು ತಿರುಗಿ ಅವರೇ ಕೇಳುತ್ತಿದ್ದಾರೆ.

ಜಪಾನಿನಲ್ಲಿ ಫೆಬ್ರುವರಿ 14ಕ್ಕೆ ಹೆಣ್ಣುಮಕ್ಕಳು ಗಂಡಸರಿಗೆ ಚಾಕೊಲೇಟ್ ಕೊಡುತ್ತಾರೆ. ಅವರು ತಿರುಗಿ ಕೊಡುವುದು ಮಾರ್ಚ್ 14ಕ್ಕೆ. ಇದನ್ನು ಹೇಳಿದಾಗ ನಮ್ಮ ಹುಡುಗಿ, "ಅಲ್ಲಿ ಉತ್ತರಕ್ಕ ತಾರೀಖಾದ್ರೂ ಐತಿ ಮೌಶಿ" ಅಂದಳು.

ನಿನ್ನೆ ಅವಳು ಹೊಸ ಮಾತು ತೆಗೆದಿದ್ದಾಳೆ. "ಅಂವ ಮನ್ಯಾಗ ಕೇಳ್ತಾನಂತಲ್ಲ, ನಾವೇ ಬಾಗೇವಾಡಿಗೆ ಹೋಗಿ ಅವರ ಮನ್ಯಾಗ ಕೇಳೂಣು. ನಾನೂ ಬರ್ತೀನಿ." ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವುದು ನಮ್ಮಲ್ಲಿ ಇದ್ದದ್ದೇ. ಅಪ್ಪ, ಕಾಕಾ, ಮಾವ ಹೋಗಿ ಹೊಲ, ಬಾವಿ ನೋಡಿ ಬರುತ್ತಾರೆ. ಹುಡುಗಿಯನ್ನೇ ಕರೆದುಕೊಂಡು ಹೋಗಿದ್ದನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ. ಅಕ್ಕ ಊಟ ಬಿಟ್ಟಿದ್ದಾಳೆ. ಭಾವ ಹ್ಞೂಂ ಅಂದಿಲ್ಲ, ಉಹ್ಞೂಂ ಅಂತಲೂ ಅಂದಿಲ್ಲ. ಆದರೆ ಗಾಡಿಗೆ ಡೀಸೆಲ್ ಹಾಕಿಸಿಕೊಂಡು ಬಂದಿದ್ದಾರಂತೆ.