ಪೋಲ್‌ಗಳು ಅವೇ, ಓವರ್‌ಶೂಟ್ ಮಾತ್ರ ಬೇರೆ

ಹಳೆಯ ತಿರುಗುಮೇಜಿನ ಸರ್ವೋದಿಂದ ವೇಗ ಅಳೆಯುವ ಸವೆದ ಟ್ಯಾಕೋವನ್ನು ತೆಗೆದು, ಎನ್‌ಕೋಡರ್ ಇರುವ ಹೊಸ ಡ್ರೈವ್ ಕೂರಿಸಿದ್ದೆವು. ಡ್ಯಾಂಪಿಂಗ್ ಹಿಂದಿನಷ್ಟೇ ಇರಲೆಂದು ಟ್ಯಾಕೋದ ಗೇನನ್ನೇ ಡ್ರೈವಿನ ಪಿಡಿ ನಿಯಂತ್ರಕದಲ್ಲಿ ಡಿ ಗೇನಾಗಿ ತುಂಬಲಾಗಿತ್ತು. ಗ್ರಾಹಕರ ಇನ್‌ಸ್ಪೆಕ್ಟರ್ ಎದುರಿಗೆ ಸ್ಟೆಪ್ ಕೊಟ್ಟಾಗ, ಶೇ. 10ರ ಮಿತಿ ದಾಟಬಾರದಿದ್ದ ಓವರ್‌ಶೂಟ್ ಶೇ. 15ಕ್ಕೆ ಏರಿತು. ಗೇರ್‌ಬಾಕ್ಸಿನ ಬ್ಯಾಕ್‌ಲ್ಯಾಶ್ ಕಾರಣವೆಂದು ಮೇಲಿನವರು ನಿರ್ಧರಿಸಿ, ಅದನ್ನು ಬಿಚ್ಚಲು ಆಳನ್ನೂ ಕರೆಸಿದರು.

ಸ್ಕೋಪಿನ ಚಿತ್ರ ಬೇರೆಯದನ್ನೇ ಹೇಳುತ್ತಿತ್ತು. ಬ್ಯಾಕ್‌ಲ್ಯಾಶ್ ಹೆಚ್ಚಿದ್ದರೆ ಮೇಜು ನಿಂತ ಮೇಲೂ ಸಣ್ಣಗೆ ಅತ್ತಿತ್ತ ಆಡುತ್ತಿರುವುದು ಸಾಮಾನ್ಯ, ಇಲ್ಲಿ ಅದಿರಲಿಲ್ಲ. ಬದಲಿಗೆ ಮೇಜು ಮೊದಲ ಕ್ಷಣದಲ್ಲೇ ಜಿಗಿದು ಹೊರಡುತ್ತಿತ್ತು, ಶಿಖರವೂ ಬೇಗನೆ ಬರುತ್ತಿತ್ತು.

ದುಂಡಾಗಿಸಿದ ಅಂಕಿಗಳಲ್ಲಿ ನಮ್ಮ ಪ್ಲಾಂಟ್ 100/(s(s+4)). ಬರೀ ಸ್ಥಾನದ ಫೀಡ್‌ಬ್ಯಾಕ್ ಇದ್ದರೆ ಡ್ಯಾಂಪಿಂಗ್ 0.2, ಓವರ್‌ಶೂಟ್ ಸುಮಾರು ಶೇ. 53. ಟ್ಯಾಕೋದಿಂದ 0.08 ಗೇನಿನ ವೇಗದ ಫೀಡ್‌ಬ್ಯಾಕ್ ಸೇರಿಸಿದರೆ ಛೇದ s²+12s+100 ಆಗುತ್ತದೆ. ಪೋಲ್‌ಗಳು −6±8j ಗೆ ಸರಿದು, ಡ್ಯಾಂಪಿಂಗ್ 0.6ಕ್ಕೂ ಓವರ್‌ಶೂಟ್ ಶೇ. 9.5ಕ್ಕೂ ಬರುತ್ತವೆ. ಪಿಡಿಯಲ್ಲಿ ಅದೇ 0.08 ಇಟ್ಟರೆ ಛೇದ ಅಕ್ಷರಶಃ ಅದೇ ಆಗಿರುತ್ತದೆ, ಆದರೆ ಅಂಶ 100(1+0.08s) ಆಗಿ −12.5ರಲ್ಲಿ ಒಂದು ಝೀರೊ ಹುಟ್ಟುತ್ತದೆ. ಪಿಡಿ ದೋಷಸಂಕೇತವನ್ನು ಅವಕಲಿಸುವುದರಿಂದ, ಆಜ್ಞೆ ಹಠಾತ್ತನೆ ಬದಲಾದಾಗ ಆ ಬದಲಾವಣೆಯೂ ಮೋಟರಿಗೆ ತಳ್ಳುಬಲವಾಗಿ ತಲುಪುತ್ತದೆ. ಆದ್ದರಿಂದಲೇ ಶಿಖರ 0.39 ಸೆಕೆಂಡಿನ ಬದಲು 0.28ರಲ್ಲೇ ಬಂದು, ಶೇ. 15ರವರೆಗೆ ಏರುತ್ತದೆ. ಆಂಪ್ಲಿಫೈಯರ್ ಸ್ಯಾಚುರೇಟ್ ಆಗದ ಸಣ್ಣ ಸ್ಟೆಪ್‌ಗೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಡೆರಿವೇಟಿವ್ ಅನ್ನು ದೋಷದಿಂದ ತೆಗೆಯಬೇಕೋ ಅಳೆದ ಸ್ಥಾನದಿಂದ ತೆಗೆಯಬೇಕೋ ಎಂಬ ಆಯ್ಕೆ ಡ್ರೈವಿನಲ್ಲಿ ಇತ್ತು, ಆದರೆ ಕೈಪಿಡಿ ಅದನ್ನು ಕೊನೆಯ ಕೋಷ್ಟಕದಲ್ಲಿ ಒಂದು ಸಾಲಿಗೆ ಮುಗಿಸಿತ್ತು. ಪೂರ್ತಿ ಪರೀಕ್ಷೆಯನ್ನೇ ತೀರ್ಮಾನಿಸುವ ವಿಷಯಕ್ಕೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅಳೆದ ಸ್ಥಾನಕ್ಕೆ ಬದಲಿಸಿದೊಡನೆ ಅದು ಟ್ಯಾಕೋದಂತೆ ವೇಗದ ಫೀಡ್‌ಬ್ಯಾಕೇ ಆಯಿತು, ಝೀರೊ ಮಾಯವಾಗಿ ಓವರ್‌ಶೂಟ್ ಮಿತಿಯೊಳಗೆ ಬಂತು. ಗೇರ್‌ಬಾಕ್ಸ್ ಬಿಚ್ಚಲಿಲ್ಲ.

ಇಷ್ಟಕ್ಕೆ ಪಿಡಿಯನ್ನು ದೂರುವುದು ಸರಿಯಲ್ಲ. ಮೇಜು ಸೆಕೆಂಡಿಗೆ 10 ಡಿಗ್ರಿಯಂತೆ ಸಮವೇಗದಲ್ಲಿ ತಿರುಗಬೇಕಾದ ಮುಂದಿನ ಪರೀಕ್ಷೆಯಲ್ಲಿ, ವೇಗದ ಫೀಡ್‌ಬ್ಯಾಕ್ ಮೇಜನ್ನು 1.2 ಡಿಗ್ರಿ ಹಿಂದೆ ಉಳಿಸಿತು. ಪಿಡಿಯಾಗಿದ್ದರೆ ಅದು 0.4 ಡಿಗ್ರಿಯಷ್ಟೇ, ಏಕೆಂದರೆ ಆಜ್ಞೆಯ ವೇಗವನ್ನು ಅದು ತಾನೇ ಕೂಡಿಸಿಕೊಳ್ಳುತ್ತದೆ. ಆದ್ದರಿಂದ ಆ ಕೆಲಸಕ್ಕೆ ಆಜ್ಞೆಯ ವೇಗದ 0.08 ಪಾಲನ್ನು ಫೀಡ್‌ಫಾರ್ವರ್ಡ್ ಆಗಿ ಮರಳಿಸಿದೆವು. ಝೀರೊ ಹಿಂತಿರುಗಿತು, ಆದರೆ ಅಲ್ಲಿ ಆಜ್ಞೆಯ ಸ್ಥಾನ ನಿಧಾನವಾಗಿ ಬದಲಾಗುವುದರಿಂದ ಮೊದಲಿನ ಜಿಗಿತ ಕಾಣಲಿಲ್ಲ.