ಬಚ್ಚಲ ಹೊಗೆಯಿಂದ ಕಡಲ ನೊರೆವರೆಗೆ

ಜನವರಿ 13, 2026, ಮಂಗಳವಾರ
ಮರವಂತೆ ಹತ್ತಿರ

ಇವತ್ತು ಬೇರೆಯವರ ದಿನಚರಿಯ ನೆನಪಲ್ಲಿ ನನ್ನ ದಿನಚರಿ ಬರೆಯುತ್ತಿದ್ದೇನೆ. ಸರಿಯಾಗಿ 220 ವರ್ಷದ ಹಿಂದೆ, 1806ರ ಜನವರಿ 13ರಂದು, ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ ತನ್ನ ಹಡಗು ವುಲ್‌ವಿಚ್‌ನಲ್ಲಿ ಕೂತು, ಇನ್ನು ಮುಂದೆ ಗಾಳಿಯ ಬಲವನ್ನು ಈ ಅಂಕಿಗಳಲ್ಲಿ ಬರೆಯುತ್ತೇನೆ ಅಂತ ಡೈರಿಯಲ್ಲಿ ಒಂದು ಪಟ್ಟಿ ಹಾಕಿಕೊಂಡ. ಸೊನ್ನೆ ಅಂದರೆ ಗಾಳಿಯೇ ಇಲ್ಲ. ಅಲ್ಲಿಂದ ಮೇಲೆ ಹೋದ ಹಾಗೆ ಬಿರುಗಾಳಿ. ಮೇಷ್ಟ್ರಾಗಿದ್ದಾಗ ಆ ಪಟ್ಟಿಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಒಂದು ಇಡೀ ದಿನ ಅದನ್ನು ಹಿಡಿದುಕೊಂಡು ಗಾಳಿ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಇಂಥ ಕೆಲಸಕ್ಕೆ ಸಮಯವೂ ಇದೆ, ಬೈಯುವವರೂ ಕಡಿಮೆ. ಅಮ್ಮ ಒಬ್ಬರನ್ನು ಬಿಟ್ಟು.

ಬೆಳಿಗ್ಗೆ 6:40. ಅಮ್ಮ ಬಚ್ಚಲ ಹಂಡೆಗೆ ಬೆಂಕಿ ಹಾಕಿದ್ದರು. ತೆಂಗಿನ ಸಿಪ್ಪೆ, ಒಣ ಗರಿ. ಹಂಚಿನ ಸಂದಿಯಿಂದ ಹೊರಬಿದ್ದ ಹೊಗೆ ನೆಟ್ಟಗೆ ಮೇಲೆ ಹೋಯಿತು. ಸೊನ್ನೆ ಅಂತ ಬರೆದೇಬಿಟ್ಟೆ. ಆಮೇಲೆ ಕತ್ತು ಎತ್ತಿ ನೋಡಿದರೆ, ತೆಂಗಿನ ಮರದ ಅರ್ಧ ಎತ್ತರಕ್ಕೆ ಹೋದ ಹೊಗೆ ಮೆಲ್ಲಗೆ ಕಡಲ ಕಡೆ ವಾಲುತ್ತಿತ್ತು. ಸೊನ್ನೆ ಹೊಡೆದು ಒಂದು ಮಾಡಿದೆ. ಬಿಸಿ ಹೊಗೆ ಮೊದಲು ತನ್ನ ಶಾಖದ ಬಲದಲ್ಲೇ ಮೇಲೇರುತ್ತದೆ. ತಣ್ಣಗಾದ ಮೇಲಷ್ಟೇ ಅದು ಗಾಳಿ ಹೇಳಿದ ಹಾಗೆ ಕೇಳುತ್ತದೆ. ಹಾಗಾಗಿ ಒಲೆಯ ಬಾಯಲ್ಲಿ ಹೊಗೆ ನೋಡಬಾರದು, ಸ್ವಲ್ಪ ಮೇಲೆ ನೋಡಬೇಕು. ಹೊಗೆ ಓರೆಯಾಗಿ ದಿಕ್ಕು ತೋರಿಸುತ್ತದೆ, ಆದರೆ ಗಾಳಿಕೋಳಿ ತಿರುಗುವಷ್ಟು ಬಲ ಇಲ್ಲ ಅಂದರೆ ಅದು ಒಂದು. ಗಂಟೆಗೆ 1ರಿಂದ 5 ಕಿಲೋಮೀಟರ್. ರಾತ್ರಿಯಿಡೀ ತಣಿದ ನೆಲದಿಂದ ಕಡಲಿಗೆ ಇಳಿಯುವ ನೆಲಗಾಳಿಯ ಬಾಲ ಅದು.

"ಹೊಗೆ ನೋಡ್ತಾ ನಿಂತ್ರೆ ನೀರು ಕಾಯ್ತದಾ? ಎರಡು ಸಿಪ್ಪೆ ಹಾಕು" ಅಂದರು ಅಮ್ಮ. ಹಾಕಿದೆ.

ಹನ್ನೊಂದು ಗಂಟೆ ಹೊತ್ತಿಗೆ ನೆಲಗಾಳಿ ಸತ್ತಿತ್ತು, ಕಡಲಗಾಳಿ ಇನ್ನೂ ಹುಟ್ಟಿರಲಿಲ್ಲ. ಬೆವರು. ದೇವಸ್ಥಾನದ ಕಟ್ಟೆಯಲ್ಲಿ ಕೂತರೆ ಮೇಲೆ ಅರಳಿ ಎಲೆಗಳು ಮಾತ್ರ ಪಟಪಟ ಅನ್ನುತ್ತಿದ್ದವು. ಪಟ್ಟಿಯ ಪ್ರಕಾರ ಎಲೆ ಸದ್ದು ಮಾಡಿ, ಮುಖಕ್ಕೆ ಗಾಳಿ ತಾಗಿದರೆ ಎರಡು. ನನ್ನ ಮುಖಕ್ಕಂತೂ ಏನೂ ತಾಗಲಿಲ್ಲ. ಪಕ್ಕದ ಹಲಸಿನ ಮರ ಕಲ್ಲಿನ ಹಾಗೆ ನಿಂತಿತ್ತು. ಇಲ್ಲಿ ಯಾರನ್ನು ನಂಬುವುದು? ಅರಳಿಯ ತೊಟ್ಟು ಉದ್ದ ಮತ್ತು ತೆಳು, ಎಲೆ ಅದರಲ್ಲಿ ನೇತಾಡುತ್ತದೆ. ಉಸಿರು ಬಿಟ್ಟರೂ ಕುಣಿಯುತ್ತದೆ. ಹಲಸಿನ ಎಲೆ ದಪ್ಪ, ತೊಟ್ಟು ಗಿಡ್ಡ. ಪಟ್ಟಿಯಲ್ಲಿರುವ ಎಲೆಗಳು ಇವೆರಡೂ ಅಲ್ಲ, ಇಂಗ್ಲೆಂಡಿನ ಮರಗಳ ಎಲೆಗಳು. ನಮ್ಮೂರಲ್ಲಿ ಅರಳಿ ಒಂದಂಕಿ ಜಾಸ್ತಿ ಹೇಳುತ್ತದೆ, ಹಲಸು ಒಂದಂಕಿ ಕಡಿಮೆ ಹೇಳುತ್ತದೆ ಅಂತ ನಾನು ಲೆಕ್ಕ ಹಿಡಿದಿದ್ದೇನೆ. ತೆಂಗಿನ ಮರ ಇನ್ನೂ ತರಲೆ. ಗರಿ ಸದ್ದು ಮಾಡಲು ಬೇಗ ಶುರು ಮಾಡುತ್ತದೆ, ಆದರೆ ಅದಕ್ಕೆ ಕೊಂಬೆಯೇ ಇಲ್ಲ. "ಸಣ್ಣ ಕೊಂಬೆ ಅಲ್ಲಾಡಿದರೆ ನಾಲ್ಕು, ದೊಡ್ಡ ಕೊಂಬೆ ಅಲ್ಲಾಡಿದರೆ ಆರು" ಅನ್ನುವ ಮಾತು ಅದರ ಹತ್ತಿರ ನಡೆಯುವುದಿಲ್ಲ. ಮಾವು ಸಿಕ್ಕಿದರೆ ಮಾವನ್ನೇ ನೋಡುವುದು ಒಳ್ಳೆಯದು.

ನೆಲದ ಮೇಲಿನ ಈ ಗುರುತುಗಳು ಬ್ಯೂಫೋರ್ಟ್‌ನವಲ್ಲ. ಅವನಿಗೆ ಮರ ಯಾಕೆ ಬೇಕಿತ್ತು! ಅವನ ಮೊದಲ ಪಟ್ಟಿಯಲ್ಲಿ ಬರೀ ಹೆಸರುಗಳಿದ್ದವು, ಮರುವರ್ಷ ಅದಕ್ಕೆ ಹಾಯಿಯ ಲೆಕ್ಕ ಸೇರಿಸಿದ. ಎರಡರಿಂದ ನಾಲ್ಕರವರೆಗೆ ಎಲ್ಲ ಹಾಯಿ ಬಿಚ್ಚಿದ ಯುದ್ಧನೌಕೆ ಎಷ್ಟು ವೇಗದಲ್ಲಿ ಓಡುತ್ತದೆ ಅನ್ನುವುದೇ ಅಳತೆ. ಐದರಿಂದ ಮೇಲೆ ಎಷ್ಟು ಹಾಯಿ ಇಳಿಸಬೇಕಾಗುತ್ತದೆ ಅನ್ನುವುದು. ಹನ್ನೆರಡು ಅಂದರೆ ಯಾವ ಹಾಯಿಬಟ್ಟೆಯೂ ತಡೆಯದ ಗಾಳಿ. ಗಾಳಿಯ ವೇಗ ಎಷ್ಟು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಒಬ್ಬ ಕಪ್ತಾನ "ಜೋರು ಗಾಳಿ" ಅಂದರೆ ಇನ್ನೊಬ್ಬನಿಗೆ ಅದು ತಂಗಾಳಿ ಅನ್ನಿಸಬಹುದು. ಆದರೆ ಹಾಯಿ ಇಳಿಸಿದ್ದರಲ್ಲಿ ಜಗಳ ಇಲ್ಲ, ಅಲ್ವಾ? ಅದೇ ಅದರ ಜಾಣತನ. 1838ರಲ್ಲಿ ನೌಕಾಪಡೆ ಇದನ್ನು ಎಲ್ಲ ಹಡಗುಗಳಿಗೂ ಕಡ್ಡಾಯ ಮಾಡಿತು.

ಆಮೇಲೆ ಹಾಯಿ ಹೋಗಿ ಉಗಿ ಬಂತು, ಅಳತೆಗೋಲೇ ಮಾಯ. 1906ರಲ್ಲಿ ಜಾರ್ಜ್ ಸಿಂಪ್ಸನ್ ಅನ್ನುವ ಹವಾಮಾನ ವಿಜ್ಞಾನಿ ಹೊಗೆ, ಎಲೆ, ಕೊಂಬೆ, ಛತ್ರಿಯ ಗುರುತುಗಳನ್ನು ಕೂಡಿಸಿ, ಅಂಕಿಗೂ ವೇಗಕ್ಕೂ ಸಂಬಂಧ ಹಾಕಿದ. ಅದೇ ವರ್ಷ ಆತ ಕೆಲಸಕ್ಕೆ ಸೇರಿದ್ದು ಶಿಮ್ಲಾದಲ್ಲಿ, ನಮ್ಮ ಹವಾಮಾನ ಇಲಾಖೆಗೆ. ಕಡಲ ಅಲೆಗಳ ವಿವರ ಬಂದದ್ದು 1920ರ ದಶಕದಲ್ಲಿ, ಪೀಟರ್ಸನ್ ಅನ್ನುವ ಜರ್ಮನ್ ಕಪ್ತಾನನಿಂದ.

ಮಧ್ಯಾಹ್ನ 3:30. ಹೆದ್ದಾರಿ ಪಕ್ಕ ನಿಂತೆ. ಈ ಪಟ್ಟಿ ಕಲಿಯಲು ಮರವಂತೆಯಂಥ ಜಾಗ ಇನ್ನೊಂದಿಲ್ಲ. ರಸ್ತೆಯ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ಹೊಳೆ. ಕತ್ತು ತಿರುಗಿಸಿದರೆ ಸಾಕು, ಒಂದೇ ಗಾಳಿ ಎರಡು ನೀರಿನ ಮೇಲೆ ಏನು ಮಾಡುತ್ತದೆ ಅಂತ ಕಾಣುತ್ತದೆ.

ಕಡಲಗಾಳಿ ಈಗ ಚೆನ್ನಾಗಿ ಹಿಡಿದಿತ್ತು. ಚುರುಮುರಿ ಗಾಡಿಯ ಬಾವುಟ ಪೂರ್ತಿ ಬಿಚ್ಚಿಕೊಂಡಿತ್ತು, ಅದು ಮೂರು. ಯಾರೋ ಬಿಸಾಕಿದ ಚುರುಮುರಿ ಕಾಗದ ನೆಲದಿಂದೆದ್ದು ರಸ್ತೆ ದಾಟಿ ಹೊಳೆ ಕಡೆ ಓಡಿತು, ಹಿಂದೆಯೇ ಒಂದಿಷ್ಟು ಧೂಳು. ಅದು ನಾಲ್ಕು. ಗಂಟೆಗೆ 20ರಿಂದ 28 ಕಿಲೋಮೀಟರ್.

ಇನ್ನು ಕಡಲು. ಇಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮೊದಲು ಮಾಡಿದ್ದೆ. ದಡಕ್ಕೆ ಬಂದು ಒಡೆಯುವ ಅಲೆಯ ನೊರೆ ನೋಡಿ "ಅಬ್ಬಾ, ಏಳಿರಬೇಕು" ಅಂದುಕೊಳ್ಳುವುದು. ದಡದ ಅಲೆ ಒಡೆಯುವುದು ನೀರಿನ ಆಳ ಕಡಿಮೆಯಾಗುವುದಕ್ಕೆ. ಗಾಳಿಯೇ ಇಲ್ಲದ ದಿನವೂ, ಎಲ್ಲೋ ದೂರದಲ್ಲಿ ಹುಟ್ಟಿದ ಉದ್ದನೆಯ ಅಲೆ ಬಂದು ಧಡ್ ಅಂತ ಬೀಳುತ್ತದೆ. ಅದನ್ನು ಬಿಟ್ಟು, ಅಲೆ ಒಡೆಯುವ ಗೆರೆಯ ಆಚೆ ನೋಡಬೇಕು. ಅಲ್ಲಿ ನಡುನೀರಿನಲ್ಲಿ ಅಲೆಯ ನೆತ್ತಿ ಬೆಳ್ಳಗಾಗುತ್ತಿದೆಯಾ? ನೆತ್ತಿ ಒಡೆಯದೆ ಗಾಜಿನ ಹಾಗೆ ಹೊಳೆದರೆ ಎರಡು. ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಎದ್ದರೆ ಮೂರು. ಆಗಾಗ ಎದ್ದರೆ ನಾಲ್ಕು. ಎತ್ತ ನೋಡಿದರೂ ಬಿಳಿಯಾಗಿ, ತುಂತುರು ಹಾರಲು ಶುರುವಾದರೆ ಐದು. ಏಳಕ್ಕೆ ಹೋದರೆ ನೊರೆ ಚುಕ್ಕೆಯಾಗಿ ನಿಲ್ಲದೆ ಗಾಳಿಯ ದಿಕ್ಕಿಗೆ ಗೆರೆಗೆರೆಯಾಗಿ ಎಳೆದುಕೊಂಡು ಹೋಗುತ್ತದೆ. ಇವತ್ತು ಒಂದು ಬಿಳಿ ನೆತ್ತಿ ಕರಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ನಾಲ್ಕೇ.

ಹಿಂದೆ ತಿರುಗಿ ಹೊಳೆ ನೋಡಿದರೆ ಬರೀ ಸಣ್ಣ ತರಂಗ, ಒಂದೂ ಬಿಳಿ ಇಲ್ಲ. ಗಾಳಿ ಅದೇ. ಅಲೆ ಬೆಳೆಯಲು ಗಾಳಿಗೆ ಓಡುವ ಜಾಗ ಬೇಕು, ಹೊತ್ತೂ ಬೇಕು. ಕಡಲಲ್ಲಿ ಜಾಗಕ್ಕೆ ಬರ ಇಲ್ಲ, ಹೊಳೆಯ ಅಗಲ ಅಷ್ಟೇ. ಹೊಳೆ, ಕೆರೆಯ ನೀರಲ್ಲಿ ನೆತ್ತಿ ಮೂಡುವುದು ಐದಕ್ಕೆ ಅಂತ ಪಟ್ಟಿಯೇ ಹೇಳುತ್ತದೆ. ಬೆಳಗಿನ ನೆಲಗಾಳಿಯಲ್ಲಿ ಇದೇ ಮೋಸ ಕಡಲಲ್ಲೂ ಆಗುತ್ತದೆ. ದಡದಿಂದ ಹೊರಟ ಗಾಳಿಗೆ ದಡದ ಹತ್ತಿರ ಅಲೆ ಎಬ್ಬಿಸುವಷ್ಟು ದಾರಿ ಸಿಕ್ಕಿರುವುದಿಲ್ಲ. ನೀರು ಎಣ್ಣೆಯ ಹಾಗೆ ಕಾಣುತ್ತದೆ, ಆದರೆ ಹೊರಗೆ ಹೋದ ದೋಣಿಗೆ ಬೇರೆಯೇ ಕಥೆ.

ಬಲೆ ಸರಿಮಾಡುತ್ತಿದ್ದ ನಾಡದೋಣಿಯವರೊಬ್ಬರು ನನ್ನ ಪುಸ್ತಕ ನೋಡಿ ನಕ್ಕರು. "ಎಂತ ಮಾಸ್ಟ್ರೇ, ಗಾಳಿ ಲೆಕ್ಕವಾ?"

"ಹೌದಣ್ಣ, ನಾಲ್ಕು ಅಂತ ಬರೆದೆ."

"ನಾಲ್ಕಾದ್ರೆ ತೊಂದ್ರೆ ಇಲ್ಲ. ಹೊರಗೆ ಪೂರಾ ಬಿಳಿ ಆಯ್ತು ಅಂದ್ರೆ ನಾವು ಬಲೆ ಎಳ್ದು ಬಪ್ಪುದೇ."

ಪೂರಾ ಬಿಳಿ ಅಂದರೆ ಅವರ ಲೆಕ್ಕದಲ್ಲಿ ಐದು, ಆರು. ಪೀಟರ್ಸನ್ನನ ಪಟ್ಟಿ ಅವರಿಗೆ ಬೇಕಾಗೇ ಇಲ್ಲ.

ಜೊತೆಗೆ ಒಯ್ದಿದ್ದ ಪುಟ್ಟ ಗಾಳಿ ಮೀಟರ್ ಹಿಡಿದೆ. ಹತ್ತು ನಿಮಿಷದ ಸರಾಸರಿ ಗಂಟೆಗೆ 17 ಕಿಲೋಮೀಟರ್. ಅಯ್ಯೋ, ಅದು ಮೂರಾಯಿತಲ್ಲ! ಆದರೆ ಪಟ್ಟಿಯ ವೇಗ ಬಯಲಲ್ಲಿ 10 ಮೀಟರ್ ಎತ್ತರದ್ದು. ನಾನು ಹಿಡಿದದ್ದು ಎದೆಯ ಮಟ್ಟದಲ್ಲಿ. ನೆಲದ ಹತ್ತಿರ ಗಾಳಿ ಉಜ್ಜಿಕೊಂಡು ನಿಧಾನವಾಗುತ್ತದೆ. ಇಂಥ ಬಯಲು ದಂಡೆಯಲ್ಲಿ 10 ಮೀಟರ್‌ಗೆ ಹೋದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸೇರಿಸಬಹುದು. 17ಕ್ಕೆ 6 ಸೇರಿಸಿದರೆ 23. ನಾಲ್ಕರ ಮನೆಯ ಹೆಚ್ಚುಕಡಿಮೆ ನಡುವೆ. ಚುರುಮುರಿ ಕಾಗದ ಸುಳ್ಳು ಹೇಳಿರಲಿಲ್ಲ.

ಮನೆಗೆ ಬಂದು ಸುಮ್ನೆ ಲೆಕ್ಕ ಹಾಕುತ್ತಾ ಕೂತೆ. ಸಿಂಪ್ಸನ್‌ನ ಸೂತ್ರ ಇದು:

v = 0.836 × B^1.5

B ಪಟ್ಟಿಯ ಅಂಕಿ, v ಸೆಕೆಂಡಿಗೆ ಎಷ್ಟು ಮೀಟರ್ ಅನ್ನುವ ವೇಗ. ನಾಲ್ಕಕ್ಕೆ 6.7 ಬರುತ್ತದೆ, ಎಂಟಕ್ಕೆ 18.9. ಅಂಕಿ ಎರಡರಷ್ಟಾದರೆ ವೇಗ ಹತ್ತಿರಹತ್ತಿರ ಮೂರರಷ್ಟು. ಗಾಳಿ ತಳ್ಳುವ ಬಲ ವೇಗದ ವರ್ಗದ ಹಾಗೆ ಏರುವುದರಿಂದ, ತಳ್ಳುವುದು ಎಂಟರಷ್ಟು. ಇವತ್ತು ಕಾಗದ ಹಾರಿಸಿದ ನಾಲ್ಕಕ್ಕಿಂತ ಎಂಟು ಪಟ್ಟು ಬಲದಲ್ಲಿ ತಳ್ಳುವ ಗಾಳಿಯೇ ಮರದ ರೆಂಬೆ ಮುರಿಯುವ ಎಂಟು. ಹೋದ ಜೂನ್‌ನಲ್ಲಿ ನನ್ನ ಛತ್ರಿ ತಿರುಗಿ ಬಟ್ಟಲಾದದ್ದು ಆರಕ್ಕೆ ಇರಬೇಕು. ಕರೆಂಟಿನ ತಂತಿ ಸಿಳ್ಳೆ ಹಾಕುತ್ತಿದ್ದ ನೆನಪಿದೆ, ಅದೂ ಆರರದ್ದೇ ಗುರುತು.

ಈ ಲೆಕ್ಕದಲ್ಲಿ ಒಂದು ಸಂಗತಿ ಈಗಷ್ಟೇ ಹೊಳೆಯಿತು. ನಮ್ಮ ಹವಾಮಾನ ಇಲಾಖೆಯವರು 17ರಿಂದ 27 ನಾಟ್ ಗಾಳಿ ಇದ್ದರೆ ವಾಯುಭಾರ ಕುಸಿತ ಅನ್ನುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. 28ರಿಂದ 33 ಆದರೆ ತೀವ್ರ ವಾಯುಭಾರ ಕುಸಿತ. 34 ಮುಟ್ಟಿದರೆ ಚಂಡಮಾರುತ. ಈ ವಿಚಿತ್ರ ಅಂಕಿಗಳು ಎಲ್ಲಿಂದ ಬಂದವು ಅಂತ ಎಷ್ಟೋ ಸಲ ಅಂದುಕೊಂಡಿದ್ದೆ. ಪಟ್ಟಿ ಪಕ್ಕಕ್ಕಿಟ್ಟು ನೋಡಿದರೆ 17 ಐದರ ಶುರು, 27 ಆರರ ಕೊನೆ. 28ರಿಂದ 33 ಪೂರ್ತಿ ಏಳರ ಮನೆ. 34ಕ್ಕೆ ಎಂಟು ಶುರು. ಹೀಗೇ ಹೋಗಿ ಅತಿ ತೀವ್ರ ಚಂಡಮಾರುತ ಶುರುವಾಗುವ 64 ನಾಟ್ ಅಂದರೆ ಹನ್ನೆರಡರ ಹೊಸ್ತಿಲು. ಹಾಯಿಬಟ್ಟೆ ತಡೆಯದ ಆ ಹನ್ನೆರಡು. ಅಲ್ಲಿಂದಾಚೆ ಪಟ್ಟಿ ಕುರುಡು. ಗಂಟೆಗೆ 118 ಕಿಲೋಮೀಟರ್ ಆದರೂ ಹನ್ನೆರಡೇ, 200 ಆದರೂ ಹನ್ನೆರಡೇ.

ಮಳೆಗಾಲದಲ್ಲಿ ರೇಡಿಯೋದವರು ಮೀನುಗಾರರಿಗೆ "ಗಂಟೆಗೆ 45ರಿಂದ 55, ಆಗಾಗ 65 ಕಿಲೋಮೀಟರ್" ಅಂದರೆ ಇನ್ನು ನನಗೆ ಕಣ್ಣಿಗೆ ಕಟ್ಟುತ್ತದೆ. ಆರು, ಏಳು. ಆ 65 ಮಾತ್ರ ಎಂಟಲ್ಲ. ಅದು ಬೀಸಿ ಹೋಗುವ ಹೊಡೆತ, ಪಟ್ಟಿ ಕೇಳುವುದು ಸರಾಸರಿಯನ್ನು.

ಸಂಜೆ 7:15. ಅಮ್ಮ ತುಳಸಿಕಟ್ಟೆಗೆ ಊದುಬತ್ತಿ ಹಚ್ಚಿದರು. ಹೊಗೆ ದಾರದ ಹಾಗೆ ನೆಟ್ಟಗೆ. ಸೊನ್ನೆ ಅಂತ ಬರೆದೆ. ಆಮೇಲೆ ಅಂಗಳದ ಮೂರು ಕಡೆ ಗೋಡೆ ಇದೆ ಅನ್ನುವುದು ನೆನಪಾಯಿತು. ಮಾಡಿನ ಮೇಲೆ ತೆಂಗಿನ ಗರಿ ಇನ್ನೂ ಸರಸರ ಅನ್ನುತ್ತಿತ್ತು. ಸೊನ್ನೆಯ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿ, ಪಕ್ಕದಲ್ಲಿ "ಗೋಡೆ ಮರೆ" ಅಂತ ಬರೆದು ಪುಸ್ತಕ ಮುಚ್ಚಿದೆ.